ಗೋವಿನಜೋಳದ ತೂಕದ ಚೀಟಿ ತಿಂಗಳ ಶೀಟಿಗೆ ಏರಿಸಿದರೆ ಲೆಕ್ಕ ಕೂಡುತ್ತಿಲ್ಲ, ಎಲ್ಲಿ ತಪ್ಪಿರಬಹುದು?

ಕೆರೆದಂಡೆ:
ನಮಸ್ಕಾರ. ರಾಣೆಬೆನ್ನೂರು ಕಡೆಯವಳು. ನಮ್ಮ ಓಣಿಯ ಕೆಲವು ಮನೆಯವರು ಸೇರಿ ಒಂದೇ ಗಾಡಿಯಲ್ಲಿ ಗೋವಿನಜೋಳ ಮಾರ್ಕೆಟ್ಟಿಗೆ ಹಾಕುತ್ತೇವೆ. ಕಾಟಾ ಆದಮೇಲೆ ದಲಾಲಿ ಅಂಗಡಿಯವರು ಒಬ್ಬೊಬ್ಬರ ಹೆಸರಿಗೂ ಕೈಬರಹದ ಚೀಟಿ ಕೊಡುತ್ತಾರೆ. ತಿಂಗಳ ಕೊನೆಗೆ ಅವನ್ನೆಲ್ಲ ಎಕ್ಸೆಲ್ ಶೀಟಿಗೆ ಏರಿಸಿ, ಯಾರಿಗೆ ಎಷ್ಟು ಬರಬೇಕು ಅಂತ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ.

ಒಂದು ಚೀಟಿ ಹೀಗಿರುತ್ತದೆ:

ಚೀಲ 42
ತೂಕ 25-63
ಚೀಲದ್ದು 0-42
ನಿವ್ವಳ 25-21
ದರ 2140
ಮೊತ್ತ 53949
ಹಮಾಲಿ, ತೂಕದ ಖರ್ಚು 630
ಕೊಡತಕ್ಕದ್ದು 53319

2024ರ ನವೆಂಬರ್ ಚೀಟಿಗಳನ್ನು ಮೊದಲು ಇದ್ದದ್ದು ಇದ್ದ ಹಾಗೆ, ಅಡ್ಡಗೆರೆ ಸಮೇತ ಟೈಪ್ ಮಾಡಿದ್ದೆ. ತೂಕದ ಕಾಲಂ ಕೂಡಿಸಿದರೆ 45,608 ಬಂತು! ನಮ್ಮೂರಿನ ಜೋಳವೆಲ್ಲ ಸೇರಿಸಿದರೂ ಅಷ್ಟು ಆಗಲಿಕ್ಕಿಲ್ಲ. ಆಮೇಲೆ ಅಡ್ಡಗೆರೆ ತೆಗೆದು ಎಲ್ಲ ಕಡೆ ಚುಕ್ಕೆ ಹಾಕಿ ಮತ್ತೆ ಟೈಪ್ ಮಾಡಿದೆ. ಈಗ ತೂಕ ಹತ್ತಿರ ಹತ್ತಿರ ಸರಿ ಕಾಣುತ್ತದೆ. ಆದರೆ ಶೀಟ್ ಲೆಕ್ಕ ಹಾಕಿದ ಮೊತ್ತ, ಚೀಟಿಗಳಲ್ಲಿ ಬರೆದ ಮೊತ್ತಗಳ ಒಟ್ಟಿಗಿಂತ 1,351 ರೂಪಾಯಿ ಜಾಸ್ತಿ ಬರುತ್ತಿದೆ. ಆ ತಿಂಗಳು ನಮಗೆ ಸಿಕ್ಕ ದರಗಳು ಮೂರು: 2140, 2085, 1990. ಪ್ರತಿ ಚೀಟಿಯನ್ನೂ ಮತ್ತೆ ಓದಿ ನೋಡಿದೆ, ಅಂಕಿ ಬಿಟ್ಟುಹೋದದ್ದು ಕಾಣಲಿಲ್ಲ.

ಹೊಲದಬದು:
ಅಕ್ಕಾರ, ಇದು ನೇರ ಮೋಸ. ಕಾಟಾಕ್ಕೆ ವರ್ಷಾವರ್ಷ ಮುದ್ರೆ ಹಾಕಿಸಿರಬೇಕು. ಕಾನೂನು ಮಾಪನಶಾಸ್ತ್ರ ಇಲಾಖೆಗೆ ಒಂದು ಅರ್ಜಿ ಕೊಡ್ರಿ, ಬಂದು ತೂಕದ ಕಲ್ಲು ಇಟ್ಟು ಪರೀಕ್ಷೆ ಮಾಡ್ತಾರ. ನಮ್ಮ ಕಡೆ ಹಂಗ ಮಾಡಿದ ಮ್ಯಾಲೆ ಎಲ್ಲಾರೂ ನೆಟ್ಟಗಾದರು.

ಕೆರೆದಂಡೆ:
ಅಣ್ಣಾರ, ಕಾಟಾದ ಮೇಲೆ ನನಗೆ ಅನುಮಾನ ಇಲ್ಲ. ಚೀಟಿಯಲ್ಲಿರುವ ತೂಕ ಮತ್ತು ದರದಿಂದಲೇ ಲೆಕ್ಕ ಹಾಕಿದರೂ ನನ್ನ ಶೀಟು ಬೇರೆ ಹೇಳುತ್ತಿದೆ. ಅಂದರೆ ಅವರು ಕಡಿಮೆ ಕೊಟ್ಟರೋ, ನಾನು ಹೆಚ್ಚು ಬರೆದೆನೋ ಅನ್ನುವುದೇ ಪ್ರಶ್ನೆ.

ಗಣಕಮೇಷ್ಟ್ರು:
ಮೊದಲು ಆ 45,608ರ ವಿಷಯ ಮುಗಿಸೋಣ, ಅದರಲ್ಲೇ ಉಳಿದದ್ದರ ಸುಳಿವೂ ಇದೆ. ನಿಮ್ಮ ಚೀಟಿಗಳಲ್ಲಿ ಎಲ್ಲೋ 12-11 ಅಂತ ಒಂದು ತೂಕ ಇದೆ, ಹೌದಲ್ಲವೇ? ಹನ್ನೆರಡು ಕ್ವಿಂಟಲ್ ಹನ್ನೊಂದು ಕೆ.ಜಿ. ಎಕ್ಸೆಲ್ ಅದನ್ನು ತೂಕ ಅಂದುಕೊಳ್ಳಲಿಲ್ಲ, ನವೆಂಬರ್ 12 ಅಂದುಕೊಂಡಿತು. ತಾರೀಕುಗಳನ್ನು ಅದು ಒಳಗೆ ದಿನಗಳ ಎಣಿಕೆಯಾಗಿ ಇಟ್ಟುಕೊಳ್ಳುತ್ತದೆ. 2024ರ ನವೆಂಬರ್ 12ಕ್ಕೆ ಆ ಎಣಿಕೆ 45608.

ಈಗ ಇನ್ನೊಂದು ವಿಷಯ ಗಮನಿಸಿ. ನಿಮ್ಮ ಒಟ್ಟು ತೂಕ 45,608 ಮಾತ್ರ ಬಂದಿದೆ, ಅದಕ್ಕೆ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹಾಗಾದರೆ ಉಳಿದ ಚೀಟಿಗಳ ತೂಕ ಎಲ್ಲಿ ಹೋಯಿತು? 25-63 ಅಂತ ತಾರೀಕು ಇರುವುದಿಲ್ಲ, ಹಾಗಾಗಿ ಅದನ್ನು ಬರಿಯ ಅಕ್ಷರ ಅಂತ ಬಿಟ್ಟುಬಿಟ್ಟಿತು. SUM ಅಕ್ಷರಗಳನ್ನು ಸದ್ದಿಲ್ಲದೆ ದಾಟಿ ಹೋಗುತ್ತದೆ, ತಪ್ಪು ಅಂತ ಕೂಡ ಹೇಳುವುದಿಲ್ಲ. ಖಾನೆಯೊಳಗೆ ಎಡಕ್ಕೆ ಅಂಟಿಕೊಂಡು ಕೂತಿದ್ದರೆ ಅದು ಅಕ್ಷರ, ಬಲಕ್ಕೆ ಇದ್ದರೆ ಸಂಖ್ಯೆ ಅಥವಾ ತಾರೀಕು. ನೀವಾಗಿ ಎಡಕ್ಕೆ, ಬಲಕ್ಕೆ ಜರುಗಿಸಿರದಿದ್ದರೆ ಈ ಗುರುತು ಸಾಕು.

ಇದಕ್ಕಿಂತ ಕೆಟ್ಟದ್ದು 12-63 ತರಹದ್ದು. ಅದು 1963ರ ಡಿಸೆಂಬರ್ ಆಗಿಬಿಡುತ್ತದೆ.

ಕೆರೆದಂಡೆ:
ಹೌದು ಸರ್! 12-11 ಇದೆ. ಮೊದಲ ಸಲ ಅಲ್ಲಿ 12-Nov ಅಂತ ಕಂಡಿತ್ತು, ಚೀಟಿಯ ತಾರೀಕು ತಪ್ಪಿ ಆ ಕಾಲಮಿಗೆ ಬಿದ್ದಿರಬೇಕು ಅಂದುಕೊಂಡೆ.

ಎರಡಂಕಿ:
ಇದಕ್ಕೆ ಅಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಬೇಡ. ಚುಕ್ಕೆ ಹಾಕಿದ್ದು ಸರಿಯಾಗಿಯೇ ಇದೆ. ಚುಕ್ಕೆಯ ನಂತರ ಯಾವಾಗಲೂ ಎರಡು ಅಂಕಿ ಬರೆಯಿರಿ, 25.63, 18.07, ಹೀಗೆ. ಆಗ ಅದು ನೇರ ಕ್ವಿಂಟಲ್ ಲೆಕ್ಕ, ದರದಿಂದ ಗುಣಿಸಿದರೆ ಮೊತ್ತ ಬಂತು. ಕಾಲಮಿನ ಫಾರ್ಮ್ಯಾಟ್ 0.00 ಇಟ್ಟುಬಿಡಿ, ಎರಡು ಅಂಕಿ ತಾನೇ ಬರುತ್ತದೆ. ನಾನು ಎಷ್ಟೋ ಸೀಸನ್‌ನಿಂದ ಹೀಗೇ ಮಾಡುತ್ತಿದ್ದೇನೆ.

ಹಳೇ ಗುಮಾಸ್ತ:
ನಾನು ಮಂಡಿ ಅಂಗಡಿಯೊಳಗ ಇಂಥಾ ಚೀಟಿ ಬರದು ಬರದು ಕೈ ಸವಿಸಿಕೊಂಡಾಂವ. ಎರಡಂಕಿ ಅವರು ಅರ್ಧ ಖರೇ ಹೇಳ್ಯಾರ. ಎರಡು ಅಂಕಿ ಬರೀಬೇಕು ಅನ್ನೋದು ಖರೇ. ಆದ್ರ ಫಾರ್ಮ್ಯಾಟ್ ಹಾಕಿದ್ರ ಎರಡನೇ ಅಂಕಿ ಎಲ್ಲಿಂದ ಬರ್ತದ? ನೀವು 18.7 ಅಂತ ಹೊಡೆದ್ರ ಅದು 18.70 ಅಂತ ಚಂದಾಗಿ ತೋರಸ್ತದ. ಹದಿನೆಂಟು ಕ್ವಿಂಟಲ್ ಏಳು ಕೆ.ಜಿ. ಹೋಗಿ ಎಪ್ಪತ್ತು ಕೆ.ಜಿ. ಆತು. ನೋಡಿದವರಿಗೆ ಅನುಮಾನಾನೂ ಬರೂದಿಲ್ಲ.

ನಾವು ಚೀಟಿ ಬರೆಯೋವಾಗ ಒಂಬತ್ತರ ಒಳಗಿನ ಕೆ.ಜಿ.ಗೆ ಸೊನ್ನೆ ಹಾಕೂದಿಲ್ಲ. 18-7 ಅಂದ್ರ ಮಂಡಿಯೊಳಗ ಎಲ್ಲಾರಿಗೂ ಏಳು ಕೆ.ಜಿ. ಅಂತಲೇ ತಿಳೀತದ. ಆ ಗೆರಿ ಚುಕ್ಕಿ ಅಲ್ಲ, ಎರಡು ಬ್ಯಾರೆ ಬ್ಯಾರೆ ಅಳತಿ ನಡುವಿನ ಗೋಡಿ.

ಅಕ್ಕಾರ, ನಿಮ್ಮ 1,351 ಹಿಡಿದು ನಾನು ಕೂತು ನೋಡಿದೆ. ಚೀಟಿಯೊಳಗ ಪೈಸಾ ಬಿಟ್ಟಿರ್ತಾರ. ನೀವು ಹಾಕಿದ ಚೀಟೀನ ನೋಡ್ರಿ, ಲೆಕ್ಕಕ್ಕ 53,949 ರೂಪಾಯಿ 40 ಪೈಸಾ ಬರ್ತದ, ಬರೆದದ್ದು 53,949. ಅಂದ್ರ ಎರಡು ಮೂರು ರೂಪಾಯಿ ಅದರೊಳಗ ಹೋತು ಅನ್ರಿ. ಉಳಿದದ್ದು 1,348 ರ ಆಸುಪಾಸು. ಈಗ ಅದನ್ನ ಕೆ.ಜಿ. ದರದಿಂದ ಭಾಗಿಸ್ರಿ. 2140 ದರಕ್ಕ ಕೆ.ಜಿ.ಗೆ 21 ರೂಪಾಯಿ 40 ಪೈಸಾ. 1,348ನ್ನ 21.40ರಿಂದ ಭಾಗಿಸಿದ್ರ 63 ಕೆ.ಜಿ. 2085ರಿಂದ ನೋಡಿದ್ರ 64 ಮುಕ್ಕಾಲಿನ ಹತ್ರ, 1990ರಿಂದ 67 ಮುಕ್ಕಾಲಿನ ಹತ್ರ, ಅವು ಕೂಡೂದಿಲ್ಲ.

63 ಅಂದ್ರ ಒಂಬತ್ತೇಳ್ಲಿ ಅರವತ್ತಮೂರು. ಏಳು ಹೋಗಿ ಎಪ್ಪತ್ತು ಆದ್ರ ಹೆಚ್ಚಾಗೂದು ಅಷ್ಟೇ. 2140 ದರದ ಚೀಟಿಯೊಳಗ ನಿವ್ವಳ ಏಳು ಕೆ.ಜಿ. ಇರೂದು ಯಾವುದೈತಿ ಹುಡುಕ್ರಿ.

ಕೆರೆದಂಡೆ:
ಸಿಕ್ಕಿತು! ಪಕ್ಕದ ಮನೆಯ ಅಜ್ಜನ ಚೀಟಿ. ಚೀಲ 31, ತೂಕ 18-38, ನಿವ್ವಳ 18-7, ದರ 2140. ನಾನು ನಿವ್ವಳದಲ್ಲಿ 18.7 ಹೊಡೆದಿದ್ದೇನೆ. ಸರಿಯಾಗಿ 18.07 ಹಾಕಿದರೆ 38,669 ರೂಪಾಯಿ 80 ಪೈಸೆ, ಚೀಟಿಯಲ್ಲಿ 38,669. ಶೀಟಿನಲ್ಲಿ ಇದ್ದದ್ದು 40,018. ಗುಮಾಸ್ತ ಅಜ್ಜಾರ, ನೀವು ಚೀಟಿ ನೋಡದೇ ಹೇಗೆ ಹೇಳಿದಿರಿ!

ಹಳೇ ಗುಮಾಸ್ತ:
ಮಂಡಿಯೊಳಗ ರಾತ್ರಿ ಖತಾವಣಿ ಕೂಡದಿದ್ರ ಮನಿಗೆ ಬಿಡ್ತಿರಲಿಲ್ಲ, ಹಂಗ ಕಲಿತದ್ದು. ವ್ಯತ್ಯಾಸ ಒಂಬತ್ತರ ಮಗ್ಗಿಯೊಳಗ ಇದ್ರ ಒಂದೋ ಸೊನ್ನಿ ತಪ್ಪೇತಿ, ಇಲ್ಲಾ ಅಂಕಿ ಹಿಂದ ಮುಂದ ಆಗ್ಯಾವು. 25-63 ಹೋಗಿ 25-36 ಆದ್ರ 27 ಕೆ.ಜಿ., ಅದೂ ಒಂಬತ್ತರ ಮಗ್ಗಿನೇ. ಆದ್ರ ಇದು ಒಂದೇ ತಪ್ಪು ಇದ್ದಾಗ ಮಾತ್ರ ನಡೀತದ. ಎರಡು ಚೀಟಿ ತಪ್ಪಿದ್ರ ಮೊತ್ತ ಕಲಸಿಹೋಗಿ ಏನೂ ತಿಳಿಯೂದಿಲ್ಲ.

ಗಣಕಮೇಷ್ಟ್ರು:
ಅದಕ್ಕೇ ತಿಂಗಳ ಕೊನೆಯ ಒಟ್ಟಿನ ಮೇಲೆ ಲೆಕ್ಕ ಒಪ್ಪಿಸುವ ಬದಲು ಪ್ರತಿ ಸಾಲಿನಲ್ಲೂ ಒಪ್ಪಿಸಬೇಕು. ಅಜ್ಜನ ಚೀಟಿಯನ್ನೇ ನೋಡಿ: ಒಟ್ಟು ತೂಕ 18-38, ಚೀಲದ್ದು 31 ಕೆ.ಜಿ. ಇವೆರಡನ್ನು ಮಾತ್ರ ನೀವು ಟೈಪ್ ಮಾಡಿ, ನಿವ್ವಳವನ್ನು ಶೀಟೇ ಕಳೆದಿದ್ದರೆ 18.07 ತಾನಾಗಿ ಬರುತ್ತಿತ್ತು. ಶೀಟ್ ಕಂಡುಹಿಡಿಯಬಲ್ಲದ್ದನ್ನು ನಾವು ಟೈಪ್ ಮಾಡಬಾರದು. ಒಂದು ಮಾತ್ರ ಅದಕ್ಕೆ ಹೊರತು: ಚೀಟಿಯಲ್ಲಿ ಬರೆದ ಮೊತ್ತ. ಅದನ್ನು ಸಾಕ್ಷಿಗೆ ಅಂತ ಬೇರೆ ಕಾಲಮಿನಲ್ಲಿ ಇದ್ದ ಹಾಗೆ ಬರೆದುಕೊಳ್ಳಿ.

ಕ್ವಿಂಟಲ್‌ಗೆ ಒಂದು ಕಾಲಂ, ಕೆ.ಜಿ.ಗೆ ಒಂದು ಕಾಲಂ. ಗುಮಾಸ್ತರು ಹೇಳಿದ ಗೋಡೆ ಅಲ್ಲಿಗೆ ಶೀಟಿನಲ್ಲೂ ನಿಂತಂತಾಯಿತು. E ಕ್ವಿಂಟಲ್, F ಕೆ.ಜಿ., G ಚೀಲದ ಕಡಿತ ಕೆ.ಜಿ.ಯಲ್ಲಿ, H ನಿವ್ವಳ ಕೆ.ಜಿ., I ಕ್ವಿಂಟಲ್ ದರ, J ಶೀಟಿನ ಮೊತ್ತ, K ಚೀಟಿಯ ಮೊತ್ತ, L ವ್ಯತ್ಯಾಸ. ಎರಡನೇ ಸಾಲಿನಲ್ಲಿ ಹೀಗೆ ಬರೆದು ಕೆಳಗೆ ಎಳೆಯಿರಿ:

```
H2: =E2*100+F2-G2
J2: =ROUND(H2*I2/100,2)
L2: =J2-K2
```

L ಕಾಲಮಿನಲ್ಲಿ ಒಂದು ರೂಪಾಯಿಯೊಳಗಿನ ಪೈಸೆ ಬಂದರೆ ಅದು ಮಂಡಿಯವರು ಬಿಟ್ಟ ಚಿಲ್ಲರೆ. ಅದಕ್ಕಿಂತ ಹೆಚ್ಚು ಬಂದ ಸಾಲನ್ನು ಅಲ್ಲೇ ನಿಲ್ಲಿಸಿ ಚೀಟಿ ತೆಗೆದು ನೋಡಿ, ಮುಂದಿನ ಚೀಟಿಗೆ ಹೋಗಬೇಡಿ.

ಎರಡಂಕಿ:
ನನಗೆ ಬರುವುದು ಎಲೆಕ್ಟ್ರಾನಿಕ್ ಕಾಟಾದ ಚೀಟಿ, ಅದರಲ್ಲಿ ನೇರ 1807 ಅಂತ ಕೆ.ಜಿ.ಯಲ್ಲೇ ಇರುತ್ತದೆ. ಅದಕ್ಕೇ ಈ ತಾಪತ್ರಯ ಕಂಡಿರಲಿಲ್ಲ ಅನ್ನಿಸುತ್ತದೆ. ಅಂಥವನ್ನು ಎಲ್ಲಿ ಬರೆಯುವುದು?

ಗಣಕಮೇಷ್ಟ್ರು:
ಕ್ವಿಂಟಲ್ ಕಾಲಂ ಖಾಲಿ ಬಿಟ್ಟು ಕೆ.ಜಿ. ಕಾಲಮಿನಲ್ಲಿ 1807 ಅಂತಲೇ ಬರೆಯಿರಿ, ಸೂತ್ರ ಹಾಗೇ ನಡೆಯುತ್ತದೆ. ಅರ್ಧ ಕೆ.ಜಿ. ಇದ್ದರೆ 7.5 ಅಂತ ಹಾಕಬಹುದು. ಅಲ್ಲಿ ಚುಕ್ಕೆಗೆ ಒಂದೇ ಅರ್ಥ.

ಬಾಕ್ಸ್ ಲೆಕ್ಕ, ಕೋಲಾರ:
ನಮ್ದು ಟೊಮೆಟೊ. ಇಲ್ಲಿ ಕ್ವಿಂಟಲ್ ಮಾತೇ ಇಲ್ಲ, 15 ಕೆ.ಜಿ. ಬಾಕ್ಸಿಗೆ ಇಷ್ಟು ಅಂತ ಹರಾಜು. ಚೀಟಿಯಲ್ಲಿ ಬಾಕ್ಸ್ ಎಷ್ಟು, ದರ ಎಷ್ಟು ಅಷ್ಟೇ. ಒಂದೇ ದಿನ ಒಂದೇ ತೋಟದ ಹಣ್ಣಿಗೆ ಎರಡು ಮೂರು ದರ ಬೀಳುತ್ತೆ, ಮೇಲು, ಮಧ್ಯಮ, ಸಣ್ಣದು ಅಂತ. ನಾನು ತಿಂಗಳ ಸರಾಸರಿ ದರ ನೋಡೋಕೆ ದರದ ಕಾಲಮಿಗೆ AVERAGE ಹಾಕ್ತೀನಿ. ಇದು ಸರಿನಾ?

ಇನ್ನೊಂದು, ನಮ್ಮ ಮಂಡಿಯಲ್ಲಿ ಕೊಡೋದು ಬಿಳಿ ಚೀಟಿ. ಅದರಲ್ಲಿ ನೂರಕ್ಕೆ ಹತ್ತು ಕಮಿಷನ್ ಮುರ್ಕೊಂಡು ಉಳಿದದ್ದನ್ನ ಬರೆದಿರ್ತಾರೆ. ಅದನ್ನ ಶೀಟಲ್ಲಿ ಹ್ಯಾಗೆ ತೋರಿಸೋದು?

ಗಣಕಮೇಷ್ಟ್ರು:
ಸರಾಸರಿಗೆ AVERAGE ಬೇಡ ಸರ್. 100 ಬಾಕ್ಸ್ 300ರಂತೆ ಹೋಗಿ, 10 ಬಾಕ್ಸ್ 500ರಂತೆ ಹೋದರೆ AVERAGE 400 ಅನ್ನುತ್ತದೆ. ನಿಮ್ಮ ಕೈಗೆ ಬಂದದ್ದು 35,000, ಬಾಕ್ಸಿಗೆ 318 ರೂಪಾಯಿ ಚಿಲ್ಲರೆ. ಮೊತ್ತಗಳನ್ನು ಕೂಡಿಸಿ, ಬಾಕ್ಸುಗಳ ಒಟ್ಟಿನಿಂದ ಭಾಗಿಸಿ.

ಹಳೇ ಗುಮಾಸ್ತ:
ಕಮಿಷನ್ ಮಾತಿಗೆ ನಾ ಹೇಳ್ತೀನಿ. ಕರ್ನಾಟಕದ ಎಪಿಎಂಸಿ ಕಾಯ್ದೆ ಪ್ರಕಾರ ದಲಾಲಿ ಕೊಡಬೇಕಾದವ ಖರೀದಿದಾರ, ರೈತನ ಹಣದೊಳಗ ಅದನ್ನ ಮುರಿಯಂಗಿಲ್ಲ. ಬಿಳಿ ಚೀಟಿ ಇರೂದೇ ಅದಕ್ಕ. ಅಧಿಕೃತ ಬಿಲ್ಲಿನೊಳಗ ಕಮಿಷನ್ ಕಾಣಂಗಿಲ್ಲ, ಬಿಳಿ ಹಾಳ್ಯಾಗ ಮಾತ್ರ ಕಾಣ್ತದ. ಅಂಗಡಿಯೊಳಗ ಕೂತಾಗ ಇದನ್ನ ನಾ ಹೇಳ್ತಿರಲಿಲ್ಲ ಬಿಡ್ರಿ.

ಶೀಟಿನೊಳಗ ಉಳಿದ ಮೊತ್ತ ಅಷ್ಟೇ ಬರೀಬ್ಯಾಡ್ರಿ. ಪೂರಾ ಮೊತ್ತ ಬರದು, ಕಮಿಷನ್ನಿಗೆ ಒಂದು ಕಾಲಂ, ಹಮಾಲಿ ತೂಕದ ಖರ್ಚಿಗೆ ಇನ್ನೊಂದು. ಎಲ್ಲಾ "ಖರ್ಚು" ಅಂತ ಒಂದರಾಗ ತುಂಬಿದ್ರ ವರ್ಷದ ಕೊನಿಗೆ ಎಷ್ಟು ಹೋತು ಅಂತ ನಿಮಗ ತಿಳಿಯೂದಿಲ್ಲ.

ಬಾಕ್ಸ್ ಲೆಕ್ಕ, ಕೋಲಾರ:
ಕಾಯ್ದೆ ಗೊತ್ತು ಅಜ್ಜಾ. ಆದ್ರೆ ಬೆಳೆಗೆ ಮುಂಚೆ ಸಾಲ ಕೊಟ್ಟೋರೂ ಅವ್ರೇ, ಬಾಕ್ಸ್ ಕೊಡೋರೂ ಅವ್ರೇ. ಕೇಳೋದು ಹ್ಯಾಗೆ? ಕಾಲಂ ಮಾತ್ರ ಬೇರೆ ಮಾಡ್ತೀನಿ.

ಕೆರೆದಂಡೆ:
ಇದೇ ಮಾತಿಗೆ ನಂದೂ ಒಂದು ಇದೆ. ನಮ್ಮಲ್ಲಿ ಸೂಟು ಅಂತ ಕ್ವಿಂಟಲ್‌ಗೆ ಒಂದು ಕೆ.ಜಿ. ಬಿಡುತ್ತಾರೆ. ಹಸಿ ಇದೆ, ಕಸ ಇದೆ ಅನ್ನುತ್ತಾರೆ. ಕೆಲವು ಚೀಟಿಗಳಲ್ಲಿ ಅದು ಚೀಲದ ತೂಕದ ಕೆಳಗೆ ಬರೆದಿರುತ್ತದೆ, ಕೆಲವದರಲ್ಲಿ ಇಲ್ಲವೇ ಇಲ್ಲ. ಅದನ್ನು G ಕಾಲಮಿನಲ್ಲೇ ಚೀಲದ ಜೊತೆ ಸೇರಿಸಲೇ?

ಎರಡಂಕಿ:
ಸೇರಿಸಿ, ಎರಡೂ ತೂಕದ ಕಡಿತವೇ ತಾನೆ.

ಹಳೇ ಗುಮಾಸ್ತ:
ಬ್ಯಾಡ್ರಿ. ಚೀಲದ ತೂಕ ಖರೇ ತೂಕ, ಗೋಣಿ ಇದ್ದದ್ದಕ್ಕ ಕಳೀತಾರ. 42 ಚೀಲಕ್ಕ 42 ಕೆ.ಜಿ. ಅಂದ್ರ ಚೀಲಕ್ಕ ಒಂದು ಕೆ.ಜಿ., ದಪ್ಪ ಗೋಣಿಗೆ ಅದು ನಡೀತದ. ಪ್ಲಾಸ್ಟಿಕ್ ಚೀಲಕ್ಕೂ ಅಷ್ಟೇ ಕಳದಿದ್ರ ಕೇಳ್ರಿ. ಸೂಟು ಹಂಗಲ್ಲ, ಅದು ರೂಢಿ. ಬ್ಯಾರೆ ಕಾಲಂ ಇರಲಿ, H ಸೂತ್ರದೊಳಗ ಅದನ್ನೂ ಕಳೀರಿ.

ಚೀಟಿಯೊಳಗ ಸೂಟು ಕಾಣದಿದ್ರ ಬಿಟ್ಟಿಲ್ಲ ಅಂತ ತಿಳ್ಕೋಬ್ಯಾಡ್ರಿ. ಕಾಟಾದ ಮುಂದ ನಿಂತಾಗಲೇ ಒಂದು ಕೆ.ಜಿ. ಇಳಿಸಿ ಕೂಗ್ತಾರ, ಬರೆಯೋನು ಕೇಳಿದ್ದನ್ನ ಬರೀತಾನ. ಅದು ಯಾವ ಶೀಟಿಗೂ ಸಿಗೂದಿಲ್ಲ.

ಹೊಲದಬದು:
ನಾ ಮೊದಲೇ ಹೇಳಿದ್ನಿ, ಮೋಸ ಅಂತ!

ಕೆರೆದಂಡೆ:
ಹೊರಡುವ ಮುಂಚೆ ಗಾಡಿಯನ್ನು ವೇಬ್ರಿಡ್ಜ್ ಮೇಲೆ ಹತ್ತಿಸಿದರೆ ಗೊತ್ತಾಗುವುದಿಲ್ಲವೇ?

ಗಣಕಮೇಷ್ಟ್ರು:
ಒಂದು ಮಟ್ಟಕ್ಕೆ. ಲಾರಿ ತೂಗುವ ವೇಬ್ರಿಡ್ಜ್ ಸಾಮಾನ್ಯವಾಗಿ ಐದೋ ಹತ್ತೋ ಕೆ.ಜಿ. ಹೆಜ್ಜೆಯಲ್ಲಿ ತೋರಿಸುತ್ತದೆ. ತುಂಬಿದ ಗಾಡಿ ಒಮ್ಮೆ, ಖಾಲಿ ಗಾಡಿ ಒಮ್ಮೆ ಅಂದರೆ ಎರಡು ಸಲದ ಏರುಪೇರು. ಇಡೀ ಗಾಡಿಯ ಮೇಲೆ ಅರವತ್ತು, ಎಪ್ಪತ್ತು ಕೆ.ಜಿ. ಸೂಟು ಹೋಗಿದ್ದರೆ ಕಾಣುತ್ತದೆ. ಆದರೆ ಒಬ್ಬೊಬ್ಬರ 20 ಚೀಲದಲ್ಲಿ ಹನ್ನೆರಡು ಕೆ.ಜಿ. ಹೋದದ್ದು ಅದರಿಂದ ತಿಳಿಯದು. ಜೋಳ ಹಸಿ ಇದ್ದರೆ ಒಂದೆರಡು ದಿನ ಕಾದಾಗ ತೂಕ ತಾನೂ ಇಳಿಯುತ್ತದೆ, ಅದನ್ನೂ ಬಿಡುವಂತಿಲ್ಲ.

ಅಡಿಕೆಮನೆ:
ಸಾಗರದಿಂದ. ನಿಮ್ಮ ಜೋಳದ ಲೆಕ್ಕ ಓದಿ ನಮ್ಮ ತಲೆನೋವು ನೆನಪಾಯ್ತು. ಮಾರ್ಚ್ 30ಕ್ಕೆ ಅಡಿಕೆ ತೂಕ ಆಗಿ ಚೀಟಿ ಬರುತ್ತದೆ, ದುಡ್ಡು ಏಪ್ರಿಲ್‌ನಲ್ಲಿ. ಯಾವ ತಿಂಗಳಿಗೆ ಹಾಕುವುದು? ನಾನು ದುಡ್ಡು ಬಂದ ತಿಂಗಳಿಗೇ ಹಾಕುತ್ತೇನೆ. ಬ್ಯಾಂಕ್ ಪಾಸ್‌ಬುಕ್ ಜೊತೆ ತಾಳೆಯಾಗುತ್ತದೆ.

ಹಳೇ ಗುಮಾಸ್ತ:
ನಾ ಒಪ್ಪೂದಿಲ್ಲ. ಚೀಟಿ ತಾರೀಕಿಗೇ ಹಾಕಬೇಕು. ದುಡ್ಡು ಬಂದ ದಿನಕ್ಕ ಹಾಕಿದ್ರ, ಬರದ ಇದ್ದ ಚೀಟಿ ಯಾವ ತಿಂಗಳದಾಗೂ ಕಾಣೂದಿಲ್ಲ, ಮರತೇ ಹೋಗ್ತದ. ಬಾಕಿ ಉಳಿಯೂದೇ ಹಿಂಗ.

ಗಣಕಮೇಷ್ಟ್ರು:
ಎರಡನ್ನೂ ಇಟ್ಟುಕೊಳ್ಳಬಹುದು. ಚೀಟಿಗಳದ್ದು ಒಂದು ಹಾಳೆ, ದುಡ್ಡು ಬಂದದ್ದರದ್ದು ಇನ್ನೊಂದು. ಎರಡನೆಯದರ ಹೆಸರು Paid ಅಂತಿಡಿ: A ಚೀಟಿ ಸಂಖ್ಯೆ, B ತಾರೀಕು, C ಬಂದ ಹಣ. ಎರಡು ಕಂತಿನಲ್ಲಿ ಬಂದರೆ ಎರಡು ಸಾಲು. ಚೀಟಿ ಹಾಳೆಯಲ್ಲಿ N ಕಾಲಂ ಕೊಡತಕ್ಕ ಮೊತ್ತ ಆಗಿದ್ದರೆ ಬಾಕಿ ಹೀಗೆ:

```
=N2-SUMIF(Paid!A:A,A2,Paid!C:C)
```

ಚೀಟಿ ಸಂಖ್ಯೆ ಬರೆಯುವಾಗ ಪುಸ್ತಕದ ಸಂಖ್ಯೆಯನ್ನೂ ಸೇರಿಸಿ. ಹೊಸ ಪುಸ್ತಕ ತೆಗೆದರೆ ಮತ್ತೆ ಒಂದರಿಂದ ಶುರುವಾಗುತ್ತದೆ, ಇಬ್ಬರ ದುಡ್ಡು ಒಬ್ಬರ ಲೆಕ್ಕಕ್ಕೆ ಬೀಳುತ್ತದೆ. ನಡುವೆ ಅಡ್ಡಗೆರೆ ಮಾತ್ರ ಹಾಕಬೇಡಿ, ಅದೂ ತಾರೀಕಾದೀತು.

ಅಡಿಕೆಮನೆ:
ಆದಾಯದ ಲೆಕ್ಕ ಕೊಡುವಾಗ ಯಾವ ವರ್ಷಕ್ಕೆ ಅನ್ನುವುದು ಇದರಿಂದ ಮುಗಿಯುವುದಿಲ್ಲ ಬಿಡಿ. ನಮ್ಮ ಮನೆಯಲ್ಲೇ ಎರಡು ಅಭಿಪ್ರಾಯ ಇದೆ.

ಕೆರೆದಂಡೆ:
ಡಿಸೆಂಬರ್ ಚೀಟಿಗಳನ್ನು ಹೊಸ ಶೀಟಿಗೆ ಏರಿಸಿದೆ. L ಕಾಲಂ ಎಲ್ಲ ಕಡೆ ಪೈಸೆಯಲ್ಲಿದೆ, ಒಂದು ಕಡೆ ಮಾತ್ರ 400 ರೂಪಾಯಿ 55 ಪೈಸೆ ಬಂದಿದೆ. ಚೀಲ 20, ತೂಕ 12-3, ಚೀಲದ್ದು 20 ಕೆ.ಜಿ., ನಿವ್ವಳ 11-83, ದರ 2085. ಶೀಟು 24,665 ರೂಪಾಯಿ 55 ಪೈಸೆ ಅನ್ನುತ್ತದೆ. ಚೀಟಿಯಲ್ಲಿ 24,265 ಅಂತ ಓದಿದ್ದೇನೆ. ಕಾರ್ಬನ್ ಪ್ರತಿ, ಆ ಮೂರನೇ ಅಂಕಿ 2 ಇದ್ದರೂ ಇರಬಹುದು, 6 ಇದ್ದರೂ ಇರಬಹುದು. 6 ಅಂತಲೇ ಬರೆದುಬಿಡಲೇ?

ಹಳೇ ಗುಮಾಸ್ತ:
ತಿದ್ದಬ್ಯಾಡ್ರಿ, ಕೆಳಗಿನ ಸಾಲು ನೋಡ್ರಿ. ನಿಮ್ಮ ಮೊದಲನೇ ಚೀಟಿಯೊಳಗ 42 ಚೀಲಕ್ಕ 630, ಅಂದ್ರ ಚೀಲಕ್ಕ 15. 20 ಚೀಲಕ್ಕ 300 ಆಗಬೇಕು. ಕೊಡತಕ್ಕದ್ದು 24,365 ಇದ್ರ ಮ್ಯಾಲಿನದು 6, ಬರೇ ಅಕ್ಷರದ ಸಮಸ್ಯಾ. 23,965 ಇದ್ರ ಅವರ ಲೆಕ್ಕಾನೇ ತಪ್ಪೇತಿ.

ಕೆರೆದಂಡೆ:
23,965 ಇದೆ. ಅದು ಸ್ಪಷ್ಟವಾಗಿ ಕಾಣುತ್ತದೆ. ಬ್ಯಾಂಕಿಗೆ ಬಂದದ್ದೂ ಅಷ್ಟೇ.

ಹೊಲದಬದು:
ಈಗರ ಅರ್ಜಿ ಕೊಡ್ತೀರೋ ಇಲ್ಲೋ?

ಹಳೇ ಗುಮಾಸ್ತ:
ತಡೀರಿ. 665 ಬರೆಯೋವಾಗ 265 ಬರೆದು, ಅದನ್ನೇ ಹಿಡಿದು 300 ಕಳೆದಾನ. ಬೇಕಂತ ಮಾಡಿದ್ನೋ ಜಡ್ಡುಗಟ್ಟಿ ಮಾಡಿದ್ನೋ ನನಗೂ ಹೇಳಾಕ ಬರೂದಿಲ್ಲ. ಸಂಜಿ ಹೊತ್ತಿಗೆ ದೀಪದ ಬೆಳಕಿನ್ಯಾಗ ಹಿಂಗಾಗೂದು ನಾ ನೋಡೀನಿ. K ಕಾಲಮಿನೊಳಗ 24,265 ಹಂಗೇ ಇರಲಿ, ಷರಾ ಕಾಲಮಿನ್ಯಾಗ "400 ಬರಬೇಕು" ಅಂತ ಬರೀರಿ. ಅಸಲು ಚೀಟಿ ಕೊಡಬ್ಯಾಡ್ರಿ, ತೋರಿಸ್ರಿ ಅಷ್ಟೇ. ಅವರ ಪುಸ್ತಕದಾಗಿನ ಪ್ರತಿ ತೆಗೆಸಿ ತೂಕ ದರ ಅವರ ಕಡಿಂದನೇ ಗುಣಿಸಿ ನೋಡಾಕ ಹಚ್ಚಿ, ಒಪ್ಪಿದ ಮ್ಯಾಲೆ ಆ ಚೀಟಿ ಹಿಂದಗಡೆ ಬಾಕಿ ಬರೆಸಿ ಸಹಿ ಹಾಕಿಸ್ಕೊಳ್ರಿ. ಮುಂದಿನ ಚೀಟಿಯೊಳಗ ಕೂಡಸ್ತೀವಿ ಅಂದ್ರ ಅದು ಬ್ಯಾರೆ ಸಾಲಿನ್ಯಾಗ ಬರಲಿ, ತೂಕದಾಗ ಸೇರಿಸಿ ಕೊಟ್ರ ನಿಮ್ಮ ಶೀಟು ಮತ್ತ ಕೂಡೂದಿಲ್ಲ.

ಕೆರೆದಂಡೆ:
ಸೋಮವಾರ ಗಾಡಿ ಹೋಗುತ್ತಿದೆ, ಚೀಟಿಯ ಯಜಮಾನರನ್ನೂ ಕರೆದುಕೊಂಡು ಹೋಗುತ್ತೇನೆ. ಅಕ್ಟೋಬರ್ ಚೀಟಿಗಳನ್ನೂ ಇದೇ ಶೀಟಿಗೆ ಏರಿಸಿ ನೋಡಬೇಕು, ಆಗ ನಿವ್ವಳವನ್ನು ನಾನೇ ಟೈಪ್ ಮಾಡಿದ್ದೆ.